ಮಾತು ಕತ್ತರಿಸಿದರೂ ಕೊಂಕು ಉಳಿಯಬೇಕು

ನಾನು ತಮಿಳಿನಿಂದ ಕನ್ನಡಕ್ಕೆ ಸಬ್‌ಟೈಟಲ್ ಮಾಡುತ್ತೇನೆ. ಭಾಷಣ, ಕೋರ್ಟಿನ ವಾದ, ಸುದ್ದಿ ಇವೆಲ್ಲ ಅಷ್ಟು ಕಷ್ಟ ಅನ್ನಿಸುವುದಿಲ್ಲ. ಕಷ್ಟ ಕೊಡುವುದು ಅಡುಗೆಮನೆಯ ಮಾತು. ಅಲ್ಲಿ ಮಾಹಿತಿ ಕಮ್ಮಿ, ಧಾಟಿ ಜಾಸ್ತಿ. ಜಾಗ ಸಾಲದೆ ಕತ್ತರಿ ಹಾಕಲು ಕೂತಾಗ ಕೈ ಸುಮ್ನೆ ಧಾಟಿಯ ಕಡೆಗೇ ಹೋಗುತ್ತದೆ, ಯಾಕಂದ್ರೆ ಮಾಹಿತಿ ಮುಖ್ಯ ಅಂತ ನಮಗೆ ಅಭ್ಯಾಸವಾಗಿಬಿಟ್ಟಿದೆ. ನಾನು ಅದನ್ನು ಉಲ್ಟಾ ಮಾಡುತ್ತೇನೆ. ಮಾಹಿತಿ ಕತ್ತರಿಸುತ್ತೇನೆ, ಧಾಟಿ ಉಳಿಸುತ್ತೇನೆ.

ಇತ್ತೀಚೆಗೆ ಮಾಡಿದ ಒಂದು ಕಿರುಚಿತ್ರದ ಸಾಲು ಇದು. ರಾತ್ರಿ ಊಟದ ಹೊತ್ತು. ಗಂಡ ಇನ್ನೂ ಬಂದಿಲ್ಲ. ಹೆಂಡತಿ ತಟ್ಟೆ ಇಡುತ್ತಾ ನಾದಿನಿಗೆ ಹೇಳುತ್ತಾಳೆ: ‘ಆಮಾ, ನೇತ್ತು ರಾತ್ರಿ ಫೋನ್ ಪಣ್ಣಿ ವರ್ರೇನ್ ವರ್ರೇನ್ನು ಸೊನ್ನಾರು ಉಂಗ ಅಣ್ಣನ್. ಇಪ್ಪೋ ಪಾರು, ಆಳೈಯೇ ಕಾಣೋಂ.’

ಒಂದೂ ಬಿಡದೆ ಕನ್ನಡಕ್ಕೆ ತಂದರೆ: ‘ಹೂಂ, ನಿನ್ನೆ ರಾತ್ರಿ ಫೋನ್ ಮಾಡಿ ಬರ್ತೀನಿ ಬರ್ತೀನಿ ಅಂದ್ರು ನಿಮ್ಮಣ್ಣ. ಈಗ ನೋಡು, ಆಸಾಮಿನೇ ಪತ್ತೆ ಇಲ್ಲ.’ ಓದೋಕೆ ಚೆನ್ನಾಗಿದೆ. ಆದರೆ ಒತ್ತು, ಸ್ವರಚಿಹ್ನೆ, ಖಾಲಿ ಜಾಗ, ಚುಕ್ಕಿ ಎಲ್ಲ ಬಿಡಿಬಿಡಿಯಾಗಿ ಎಣಿಸಿದರೆ 90 ಗುರುತು. ಅವಳು ಇದನ್ನು ಹೇಳಿ ಮುಗಿಸುವುದು ಮೂರೂವರೆ ಸೆಕೆಂಡಿನಲ್ಲಿ. ಅಂದರೆ ಸೆಕೆಂಡಿಗೆ 25ಕ್ಕಿಂತ ಜಾಸ್ತಿ. ನಾನು 17–18ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಒಂದು ಸಾಲಿಗೆ 42 ಗುರುತು, ತೆರೆಯ ಮೇಲೆ ಒಮ್ಮೆಗೆ ಎರಡೇ ಸಾಲು. ಇದು ಈ ಕೆಲಸದಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ.

ಸುಲಭದ ದಾರಿ ಒಂದಿದೆ: ‘ಬರುವುದಾಗಿ ಹೇಳಿದ್ದರು. ಇನ್ನೂ ಬಂದಿಲ್ಲ.’ ಅಳತೆಗೆ ಸರಿಯಾಗಿ ಕೂರುತ್ತದೆ, ಅರ್ಥವೂ ತಪ್ಪಿಲ್ಲ. ಆದರೆ ಠಾಣೆಯಲ್ಲಿ ದೂರು ಬರೆಸಿದ ಹಾಗಿದೆ. ಹೆಂಡತಿಯ ಮುನಿಸು ಎಲ್ಲೂ ಇಲ್ಲ.

ಹಾಗಾಗಿ ಮೊದಲು ಕೇಳಿಕೊಳ್ಳುವುದು, ಕೊಂಕು ಎಲ್ಲಿ ಕೂತಿದೆ ಅಂತ. ಇಲ್ಲಿ ಮೂರು ಕಡೆ ಇದೆ. ‘ಬರ್ತೀನಿ ಬರ್ತೀನಿ’ ಅಂತ ಎರಡು ಸಲ ಹೇಳುವುದರಲ್ಲಿ ಇದೆ. ಒಂದು ಸಲ ಹೇಳಿದರೆ ಅದು ಬರೀ ಸುದ್ದಿ, ಎರಡನೆಯದು ಅಣಕ. ಅದಕ್ಕೆ ಎಂಟು ಗುರುತು ಖರ್ಚಾದರೂ ನಾನು ಕೊಡುತ್ತೇನೆ. ಎರಡನೆಯದು ‘ನಿಮ್ಮಣ್ಣ’. ಗಂಡನ ಮೇಲೆ ಸಿಟ್ಟು ಬಂದಾಗ ಅವನು ‘ಇವರು’ ಆಗಿರುವುದಿಲ್ಲ, ನಾದಿನಿಯ ಅಣ್ಣ ಆಗಿಬಿಡುತ್ತಾನೆ, ಅಲ್ವಾ? ತಮಿಳಿನಲ್ಲೂ ಹಾಗೇ, ನಮ್ಮಲ್ಲೂ ಹಾಗೇ. ನಾದಿನಿಯನ್ನು ‘ನೀನು’ ಅಂತ ಕರೆದರೂ ‘ನಿಮ್ಮಣ್ಣ’ ಅನ್ನುವುದು ಕೂಡ ಎರಡೂ ಕಡೆ ಇದೆ. ಮೂರನೆಯದು ತಮಿಳಿನ ‘ಆಳು’. ಮೊದಲ ವಾಕ್ಯದಲ್ಲಿ ‘ಅಂದ್ರು’ ಅಂತ ಮರ್ಯಾದೆ ಕೊಟ್ಟವಳು ಎರಡನೆಯದರಲ್ಲಿ ಅವನನ್ನು ‘ಆಸಾಮಿ’ ಮಾಡಿಬಿಡುತ್ತಾಳೆ.

ಇನ್ನು ಕತ್ತರಿ. ‘ಹೂಂ’ ಕಿವಿಗೆ ಕೇಳುತ್ತದೆ, ಬರೆಯಬೇಕಿಲ್ಲ. ‘ನಿನ್ನೆ ರಾತ್ರಿ ಫೋನ್ ಮಾಡಿ’ ಹೋಗಬಹುದು, ಆ ಫೋನ್ ಬಂದಿದ್ದನ್ನು ಹಿಂದಿನ ದೃಶ್ಯದಲ್ಲೇ ತೋರಿಸಿದ್ದಾರೆ. ‘ಈಗ ನೋಡು’ ಬಗ್ಗೆ ಸ್ವಲ್ಪ ಯೋಚಿಸಿದೆ. ಅದನ್ನೂ ‘ಆಸಾಮಿ’ಯನ್ನೂ ಎರಡೂ ಇಟ್ಟರೆ ಅಳತೆ ಮೀರುತ್ತದೆ. ಆ ಮಾತು ಹೇಳುವಾಗ ಅವಳು ಬಾಗಿಲ ಕಡೆ ಕೈ ತೋರಿಸುತ್ತಾಳೆ. ‘ನೋಡು’ ಅನ್ನುವುದನ್ನು ಆ ಕೈಯೇ ಹೇಳುತ್ತಿದೆ. ‘ಆಸಾಮಿ’ಯನ್ನು ಮಾತ್ರ ಯಾವ ಕೈಯೂ ಹೇಳುವುದಿಲ್ಲ. ಹಾಗಾಗಿ ‘ಈಗ ನೋಡು’ ಹೋಯಿತು. ಕೊನೆಗೆ ಫೈಲಿನಲ್ಲಿ ಉಳಿದದ್ದು ಇಷ್ಟು:

```
41
00:06:12,200 --> 00:06:14,000
ಬರ್ತೀನಿ ಬರ್ತೀನಿ ಅಂದ್ರು ನಿಮ್ಮಣ್ಣ.

42
00:06:14,300 --> 00:06:15,700
ಆಸಾಮಿ ಪತ್ತೇನೇ ಇಲ್ಲ.
```

ಮೊದಲನೆಯದು 32 ಗುರುತು, ಎರಡನೆಯದು 19. ಎರಡನ್ನೂ ಒಂದರ ಕೆಳಗೊಂದು ಇಟ್ಟು ಒಟ್ಟಿಗೆ ತೋರಿಸಬಹುದಿತ್ತು. ಆದರೆ ನಡುವೆ ಅವಳು ತಟ್ಟೆಯನ್ನು ಟಣ್ ಅಂತ ಇಟ್ಟು ಒಂದು ಕ್ಷಣ ನಿಲ್ಲುತ್ತಾಳೆ. ಅವಳು ಬಾಯಿ ತೆರೆಯುವ ಮೊದಲೇ ನೋಡುವವರು ‘ಆಸಾಮಿ’ಯನ್ನು ಓದಿ ಮುಗಿಸಿದರೆ ಆ ನಿಲುಗಡೆ ವ್ಯರ್ಥ. ಕುಟುಕುವ ಮಾತು ಎರಡನೇ ಸಾಲಿನಲ್ಲಿದ್ದರೆ ನಾನು ಯಾವಾಗಲೂ ಬಿಡಿಸಿಯೇ ಹಾಕುತ್ತೇನೆ.

ಪದಗಳ ಜಾಗ ಬದಲಿಸುವಾಗಲೂ ಹುಷಾರಾಗಿರಬೇಕು. ‘ನಿಮ್ಮಣ್ಣ ಬರ್ತೀನಿ ಬರ್ತೀನಿ ಅಂದ್ರು’ ಅಂತ ಬರೆದರೂ ಗುರುತು ಅಷ್ಟೇ. ಆದರೆ ಕೊಂಕು ಅರ್ಧ ಇಳಿದುಹೋಗುತ್ತದೆ. ಕ್ರಿಯಾಪದ ಆದಮೇಲೆ ‘ನಿಮ್ಮಣ್ಣ’ ಬಂದಾಗಲೇ ಅದು ಚುಚ್ಚುವುದು. ಪುಸ್ತಕದ ವ್ಯಾಕರಣಕ್ಕೆ ತಕ್ಕಂತೆ ಪದಗಳನ್ನು ‘ಸರಿ’ ಮಾಡಲು ಹೊರಟ ಪರಿಶೀಲಕರ ಜೊತೆ ನಾನು ಇದೇ ವಿಷಯಕ್ಕೆ ಜಾಸ್ತಿ ವಾದ ಮಾಡುವುದು. ‘ಪತ್ತೇನೇ’ ಅನ್ನುವುದರ ಕೊನೆಯ ‘ಏ’ ಕೂಡ ಹಾಗೇ. ‘ಪತ್ತೆ ಇಲ್ಲ’ ಅಂದರೆ ಎರಡು ಗುರುತು ಉಳಿಯುತ್ತದೆ, ಆದರೆ ಕಾದು ಕಾದು ಸಾಕಾದ ದನಿ ಹೋಗುತ್ತದೆ. ‘ತಾನೇ’, ‘ಅಂತೆ’, ‘ಬಿಡು’, ‘ಕಣೋ’ ಇಂಥ ಪುಟ್ಟ ಪದಗಳೇ ನಮ್ಮ ಮಾತಿನಲ್ಲಿ ದನಿಯನ್ನು ಹೊರುವುದು. ಒಂದು ಇಡೀ ವಾಕ್ಯದ ಅಪನಂಬಿಕೆಯನ್ನು ‘ಬರ್ತಾರಂತೆ!’ ಅನ್ನುವ ಒಂದೇ ಪದ ಹೇಳಿಬಿಡುತ್ತದೆ.

ನಾದಿನಿಯ ಉತ್ತರ ಚಿಕ್ಕದು: ‘ಬಿಡಿ ಅತ್ತಿಗೆ, ಟ್ರಾಫಿಕ್ ಇರ್ಬೇಕು.’ ತಮಿಳಿನ ‘ಅಣ್ಣಿ’ ಅಂತ ಕರೆದದ್ದು ಕೇಳಿಸುತ್ತದಲ್ಲ, ‘ಅತ್ತಿಗೆ’ ಯಾಕೆ ಅಂತ ಕೇಳಬಹುದು. ಬರೀ ‘ಬಿಡಿ’ ಅಂದರೆ ಬಾಯಿ ಮುಚ್ಚಿಸಿದ ಹಾಗೆ. ‘ಅತ್ತಿಗೆ’ ಸೇರಿದ ಕೂಡಲೇ ಸಮಾಧಾನ ಆಗುತ್ತದೆ. ಆದರೆ ಗೆಳೆಯರ ಮಾತಿನಲ್ಲಿ ಬರುವ ‘ಡಾ’ಗೆಲ್ಲ ‘ಕಣೋ’ ಬರೆಯುವುದಿಲ್ಲ. ಒಂದೆರಡು ಸಲ ಬರೆದರೆ ಸಾಕು, ಆಮೇಲೆ ಕಿವಿ ನೋಡಿಕೊಳ್ಳುತ್ತದೆ.

ಗುರುತು ಎಣಿಸುವ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಬಳಸುವ ತಂತ್ರಾಂಶ ಎಣಿಸುವುದು ಅಕ್ಷರವನ್ನಲ್ಲ, ಯುನಿಕೋಡ್ ಗುರುತನ್ನು. ‘ನಿಮ್ಮಣ್ಣ’ ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅದಕ್ಕೆ ಎಂಟು. ‘ಸ್ತ್ರೀ’ ಒಂದೇ ಅಕ್ಷರ, ಅದಕ್ಕೆ ಆರು. ಹೀಗಾಗಿ ಒತ್ತಕ್ಷರ ಜಾಸ್ತಿ ಇರುವ ಸಾಲು ಮಿತಿ ಮೀರಿತು ಅಂತ ಸುಮ್ನೆ ಕೆಂಪಾಗುತ್ತದೆ. ಹಾಗಂತ ಆ ಎಣಿಕೆಯನ್ನು ಬಿಟ್ಟೇಬಿಡಲೂ ಆಗದು. ಆಡುಮಾತಿನಲ್ಲಿ ಸ್ವರ ನುಂಗಿ ಬರೆದಾಗ ‘ಮಾಡ್ಬಿಟ್ಳು’ ಥರದ ಒತ್ತುಗಳ ಗುಂಪು ಬರುತ್ತದೆ. ಅದು ಉದ್ದ ಕಮ್ಮಿ, ಆದರೆ ಕಣ್ಣು ಅಲ್ಲಿ ತಡವರಿಸುತ್ತದೆ. ಒಂದು ಸಾಲಿನಲ್ಲಿ ಇಂಥ ಒಂದು ಪದ ಇದ್ದರೆ ಸರಿ. ಎರಡಾದರೆ ಒಂದನ್ನು ‘ಮಾಡಿಬಿಟ್ಟಳು’ ಅಂತ ಬಿಡಿಸಿ ಬರೆಯುತ್ತೇನೆ. ಎರಡು ಸಾಲು ಒಟ್ಟಿಗೆ ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದೆಯೇ ಅಂತಲೂ ದೊಡ್ಡ ಪರದೆಯಲ್ಲಿ ಒಮ್ಮೆ ನೋಡುವುದು ಒಳ್ಳೆಯದು.

ಕೊನೆಯ ಪರೀಕ್ಷೆಗೆ ತಮಿಳು ಬಾರದವರು ಬೇಕು. ನನಗೆ ತಮಿಳು ಗೊತ್ತಿರುವುದರಿಂದ ಬಿಟ್ಟುಹೋದದ್ದನ್ನು ನನ್ನ ಕಿವಿ ತುಂಬಿಕೊಡುತ್ತದೆ, ತೊಂದರೆ ತಿಳಿಯುವುದೇ ಇಲ್ಲ. ಅವರಿಗೆ ಕಥೆ ಅರ್ಥವಾಯಿತೇ ಅಂತ ಕೇಳುವುದಿಲ್ಲ. ‘ಅವಳಿಗೆ ಗಂಡನ ಮೇಲೆ ದ್ವೇಷವಾ, ಬರೀ ಮುನಿಸಾ?’ ಅಂತ ಕೇಳುತ್ತೇನೆ. ದ್ವೇಷ ಅಂದರೆ ಸಾಲು ಒರಟಾಗಿದೆ, ಏನೂ ಗೊತ್ತಾಗಲಿಲ್ಲ ಅಂದರೆ ಸಪ್ಪೆಯಾಗಿದೆ. ಎರಡಕ್ಕೂ ಮತ್ತೆ ಕೂರಬೇಕು.

ಇದೆಲ್ಲ ಒಬ್ಬರಾದ ಮೇಲೆ ಒಬ್ಬರು ಮಾತಾಡುವಾಗ ನಡೆಯುತ್ತದೆ. ಅದೇ ಚಿತ್ರದಲ್ಲಿ ಗಂಡ ಬಂದ ಮೇಲೆ ಮೂವರೂ ಒಟ್ಟಿಗೆ ಕೂಗಾಡುತ್ತಾರೆ. ಅಲ್ಲಿ ಮೂವರನ್ನೂ ಉಳಿಸಲು ಹೋದರೆ ಯಾರೂ ಉಳಿಯುವುದಿಲ್ಲ. ಕ್ಯಾಮೆರಾ ಯಾರ ಮುಖದ ಮೇಲಿದೆಯೋ ಅವರ ಮಾತು ಹಾಕಿ, ಉಳಿದದ್ದನ್ನು ಗಲಾಟೆಯಾಗಿಯೇ ಬಿಟ್ಟೆ.