ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಹೇಳದೆ ಕೇಳದೆ ದುಡ್ಡು ಕಟ್ ಆಗಿದೆಯಾ? ವಾಪಸ್ ಪಡೆಯುವುದು ಹೀಗೆ

ನನ್ನ ತಂಗಿ ಜನವರಿಯಲ್ಲಿ ಕೆಲಸ ಬದಲಿಸಿದಳು. ಹಳೇ ಕಂಪನಿಯ ಸಂಬಳ ಬರುತ್ತಿದ್ದ ಖಾತೆಯಲ್ಲಿ 3,200 ರೂಪಾಯಿ ಉಳಿದಿತ್ತು. ಇರಲಿ ಬಿಡು ಅಂತ ಸುಮ್ಮನಿದ್ದಳು. ಜುಲೈನಲ್ಲಿ ನೋಡಿದರೆ 1,660 ರೂಪಾಯಿ 54 ಪೈಸೆ! "ಅಕ್ಕಾ, ನಾನು ಒಂದು ರೂಪಾಯಿನೂ ತೆಗೆದಿಲ್ಲ" ಅಂತ ಫೋನ್ ಮಾಡಿದಳು. ಯಾರೂ ಕದ್ದಿರಲಿಲ್ಲ. ಮೂರು ತಿಂಗಳಿಂದ ಬ್ಯಾಂಕೇ ದಂಡ ಹಾಕಿಕೊಂಡು ಬಂದಿತ್ತು. ಆ ದುಡ್ಡು ಪೂರ್ತಿ ವಾಪಸ್ ಬಂತು. ಹೇಗೆ ಅನ್ನುವುದನ್ನು ನಮ್ಮ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಆ ಸಾಲನ್ನು ಓದಿ

ಸ್ಟೇಟ್‌ಮೆಂಟ್ ತೆಗೆದು ದುಡ್ಡು ಹೋದ ಸಾಲಿನ ಎದುರು ಏನು ಬರೆದಿದೆ ನೋಡಿ. `MIN BAL CHRG`, `AMB CHRG`, `MAB CHGS` ಅಂತೇನಾದರೂ ಇದ್ದರೆ ಅದು ಮಿನಿಮಮ್ ಬ್ಯಾಲೆನ್ಸ್ ಇಡದ ದಂಡ. `SMS CHRG` ಅಂದರೆ ಮೆಸೇಜಿನ ಶುಲ್ಕ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ ಬೇರೆ, ಕಂತಿನ ದಿನ ದುಡ್ಡಿಲ್ಲದೆ ವಾಪಸ್ ಹೋದಾಗ ಬೀಳುವ ಶುಲ್ಕ ಬೇರೆ. ಒಂದೊಂದು ಬ್ಯಾಂಕು ಒಂದೊಂದು ಥರ ಬರೆಯುತ್ತದೆ. ಅರ್ಥವಾಗದಿದ್ದರೆ ಶಾಖೆಯಲ್ಲಿ ಕೇಳಿ ಪಕ್ಕದಲ್ಲೇ ಬರೆದುಕೊಳ್ಳಿ.

ಈ ವಿಂಗಡಣೆ ಯಾಕೆ ಬೇಕು ಅಂದರೆ, ನಿಮ್ಮ ಕೈಗೆ ಗಟ್ಟಿ ನಿಯಮ ಸಿಗುವುದು ಮೊದಲನೆಯದಕ್ಕೆ. ಕಾರ್ಡಿನ ಶುಲ್ಕವನ್ನು ನೀವು ಖಾತೆ ತೆರೆಯುವಾಗ ಒಪ್ಪಿ ಸಹಿ ಹಾಕಿರುತ್ತೀರಿ. ಅದನ್ನು ವಾಪಸ್ ಕೊಡುವುದು ಹೆಚ್ಚಾಗಿ ಮ್ಯಾನೇಜರ್ ಮರ್ಜಿ. ಮೆಸೇಜಿಗೆ ಮಾತ್ರ ಬಳಸಿದಷ್ಟಕ್ಕೇ ಶುಲ್ಕ ಹಾಕಬೇಕು ಅಂತ ಆರ್‌ಬಿಐ 2013ರಲ್ಲಿ ಹೇಳಿದೆ. ಎಲ್ಲವನ್ನೂ ಒಂದೇ ದೂರಿನಲ್ಲಿ ತುರುಕಿದರೆ ಬ್ಯಾಂಕು ಸುಲಭದ್ದಕ್ಕೆ ಉತ್ತರ ಕೊಟ್ಟು, ಕಷ್ಟದ್ದನ್ನು ಬಿಟ್ಟುಬಿಡುತ್ತದೆ.

ದಂಡ ಹಾಕಲೇಬಾರದ ಖಾತೆಗಳೂ ಇವೆ. ಜನಧನ ಸೇರಿದಂತೆ ಮೂಲ ಉಳಿತಾಯ ಖಾತೆಗಳಿಗೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ನೀವು ವ್ಯವಹಾರ ಮಾಡದೆ ನಿಷ್ಕ್ರಿಯವಾದ ಖಾತೆಗೂ ಈ ದಂಡ ಹಾಕುವಂತಿಲ್ಲ. ಸ್ಟೇಟ್ ಬ್ಯಾಂಕ್ 2020ರಲ್ಲಿ, ನಮ್ಮ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳ ಮೇಲಿನ ಈ ದಂಡವನ್ನು ತೆಗೆದುಹಾಕಿವೆ. ನಿಮ್ಮದು ಇಂಥ ಖಾತೆಯಾದರೆ ಮುಂದಿನ ವಾದವೇ ಬೇಡ, ಅಷ್ಟನ್ನೇ ಬರೆದು ಕೊಡಿ.

ನಿಯಮ ಏನು ಹೇಳುತ್ತದೆ?

ಆರ್‌ಬಿಐ 2014ರ ನವೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ತಿರುಳು ಇಷ್ಟು. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ತಕ್ಷಣ ದಂಡ ಹಾಕುವ ಹಾಗಿಲ್ಲ. ಮೊದಲು ಎಸ್ಸೆಮ್ಮೆಸ್, ಇ-ಮೇಲ್ ಅಥವಾ ಕಾಗದದ ಮೂಲಕ ತಿಳಿಸಬೇಕು. "ಇಂದಿನಿಂದ ಒಂದು ತಿಂಗಳೊಳಗೆ ತುಂಬಿ, ಇಲ್ಲದಿದ್ದರೆ ದಂಡ ಬೀಳುತ್ತದೆ" ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಕನಿಷ್ಠ ಒಂದು ತಿಂಗಳು ಕಾದ ಮೇಲೂ ನೀವು ತುಂಬದಿದ್ದರೆ ಆಗ ದಂಡ ಹಾಕಬಹುದು. ಅದೂ ಎಷ್ಟು ಕಡಿಮೆಯಿದೆಯೋ ಅದಕ್ಕೆ ತಕ್ಕಷ್ಟೇ. ಈ ದಂಡ ಒಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು.

ಇಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ತಂಗಿಗೆ ಎಸ್ಸೆಮ್ಮೆಸ್ ಬಂದಿರಲಿಲ್ಲ ಅಂತಲ್ಲ. ಬಂದಿತ್ತು. ಮೇ 5ರಂದು ಬಂದ ಆ ಮೆಸೇಜಿನಲ್ಲಿ, ಬ್ಯಾಲೆನ್ಸ್ ಇಲ್ಲದ ಕಾರಣ 481 ರೂಪಾಯಿ 44 ಪೈಸೆ ಕಡಿತ ಮಾಡಲಾಗಿದೆ ಅಂತ ಇತ್ತು. ಶಾಖೆಯವರು ಅದನ್ನೇ ತೋರಿಸಿ, "ಮೆಸೇಜ್ ಕಳಿಸಿದ್ದೀವಲ್ಲ ಮೇಡಂ" ಅಂದರು. ಆದರೆ ಅದು ದುಡ್ಡು ಹೋದ ಮೇಲೆ ಕೊಟ್ಟ ಸುದ್ದಿ. ಹೋಗುವ ಮುಂಚೆ ಒಂದು ತಿಂಗಳ ಗಡುವು ಕೊಡುವ ಸೂಚನೆ ಅಲ್ಲ. ಎರಡೂ ಬೇರೆ ಬೇರೆ. ನಮ್ಮ ಇಡೀ ದೂರು ನಿಂತಿದ್ದು ಈ ಒಂದು ವ್ಯತ್ಯಾಸದ ಮೇಲೆ.

ಹಾಗಾಗಿ ದೂರು ಬರೆಯುವ ಮುಂಚೆ ಫೋನಿನಲ್ಲಿ ಬ್ಯಾಂಕಿನ ಹಳೇ ಮೆಸೇಜು, ಇ-ಮೇಲಿನ ಸ್ಪ್ಯಾಮ್ ಫೋಲ್ಡರ್ ಎಲ್ಲ ಹುಡುಕಿ. ಬ್ಯಾಂಕಿನಲ್ಲಿ ನೋಂದಾಯಿಸಿರುವ ನಂಬರು ಈಗಲೂ ನಿಮ್ಮದೇನಾ ನೋಡಿ. ನೀವು ಬಿಟ್ಟುಬಿಟ್ಟ ನಂಬರಿಗೆ ಸರಿಯಾದ ಸೂಚನೆ ಹೋಗಿದ್ದರೆ ನಿಮ್ಮ ವಾದ ನಿಲ್ಲುವುದು ಕಷ್ಟ. ಆಗ ವಾಪಸ್ ಕೊಡಿ ಅಂತ ವಿನಂತಿ ಮಾಡಬಹುದು, ಹಕ್ಕಿನಿಂದ ಕೇಳಲು ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿ

ಹೆಚ್ಚಿನ ಬ್ಯಾಂಕುಗಳು ಒಂದು ದಿನದ ಬ್ಯಾಲೆನ್ಸ್ ನೋಡುವುದಿಲ್ಲ, ತಿಂಗಳ ಸರಾಸರಿ ನೋಡುತ್ತವೆ. ಪ್ರತಿ ದಿನದ ಕೊನೆಗೆ ಇದ್ದ ಮೊತ್ತವನ್ನೆಲ್ಲ ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಎಷ್ಟು ಇರಬೇಕು, ದಂಡದ ದರ ಎಷ್ಟು ಅನ್ನುವುದು ಬ್ಯಾಂಕಿನ ವೆಬ್‌ಸೈಟಿನ ಶುಲ್ಕಪಟ್ಟಿಯಲ್ಲಿ ಇರುತ್ತದೆ.

ಸಂಬಳ ನಿಂತ ಮೇಲೆ ತಂಗಿಯ ಖಾತೆಯನ್ನು ಏಪ್ರಿಲ್‌ನಿಂದ ಸಾಮಾನ್ಯ ಉಳಿತಾಯ ಖಾತೆ ಮಾಡಿದ್ದರು. ಅದಕ್ಕೆ 10,000 ಸರಾಸರಿ ಬೇಕು. ಕಡಿಮೆ ಬಿದ್ದ ಮೊತ್ತದ ಶೇ 6 ದಂಡ, ಅದರ ಮೇಲೆ ಶೇ 18 ಜಿಎಸ್‌ಟಿ. ಏಪ್ರಿಲ್‌ನಲ್ಲಿ ಪೂರ್ತಿ 3,200 ಇತ್ತು, ಅಂದರೆ 6,800 ಕಡಿಮೆ. ದಂಡ 408, ಜಿಎಸ್‌ಟಿ 73.44. ಒಟ್ಟು 481.44, ಅದು ಮೇ 5ಕ್ಕೆ ಕಟ್ ಆಯಿತು.

ಈಗ ಮೇ ತಿಂಗಳು ನೋಡಿ. ದಂಡ ಕಟ್ ಆಗಿದ್ದರಿಂದಲೇ ಬ್ಯಾಲೆನ್ಸ್ ಇನ್ನೂ ಇಳಿಯಿತು. ಸರಾಸರಿ 2,780.68ಕ್ಕೆ ಬಂತು. ಮುಂದಿನ ದಂಡ ಜಿಎಸ್‌ಟಿ ಸೇರಿ 511.13 ಆಯಿತು, ಅದರ ಮುಂದಿನದು 546.89. ಅವಳು ಏನೂ ಮಾಡದೇ ಇದ್ದರೂ ದಂಡ ತಿಂಗಳಿಂದ ತಿಂಗಳಿಗೆ ಬೆಳೆಯಿತು, ಯಾಕಂದರೆ ದಂಡಕ್ಕೇ ದಂಡ ಬೀಳುತ್ತಿತ್ತು. ಆದ್ದರಿಂದ ಮೊದಲ ಕಡಿತವೊಂದೇ ತಪ್ಪು ಅಂತ ಕೇಳಬೇಡಿ. ಮೊದಲನೆಯದು ತಪ್ಪಾದರೆ ಅದರ ಮೇಲೆ ಕಟ್ಟಿದ ಲೆಕ್ಕವೆಲ್ಲ ತಪ್ಪು. ನಾವು ಮೂರನ್ನೂ ಸೇರಿಸಿ 1,539 ರೂಪಾಯಿ 46 ಪೈಸೆ ಕೇಳಿದೆವು.

ಸೋರಿಕೆ ನಿಲ್ಲಿಸಿ, ಆಮೇಲೆ ಬರೆಯಿರಿ

ದೂರು ಓಡಾಡುವಷ್ಟರಲ್ಲಿ ಮುಂದಿನ ತಿಂಗಳ ದಂಡವೂ ಬೀಳಬಹುದು. ಒಂದೋ ಬೇಕಾದಷ್ಟು ದುಡ್ಡು ತುಂಬಿ. ಇಲ್ಲವೇ ಖಾತೆಯನ್ನು ಮೂಲ ಉಳಿತಾಯ ಖಾತೆಗೆ ಬದಲಿಸಲು ಬರೆದು ಕೊಡಿ. ಅದೇ ಬ್ಯಾಂಕಿನಲ್ಲಿ ನಿಮ್ಮ ಇನ್ನೊಂದು ಉಳಿತಾಯ ಖಾತೆ ಇರಬಾರದು, ಅಷ್ಟೇ. ಸಿಟ್ಟಿನಲ್ಲಿ ಖಾತೆ ಮುಚ್ಚಬೇಡಿ. ಮುಚ್ಚಿದರೆ ಆ್ಯಪಿನಲ್ಲಿ ಸ್ಟೇಟ್‌ಮೆಂಟ್ ಸಿಗುವುದು ಕಷ್ಟ, ದುಡ್ಡು ಹಾಕುವುದಕ್ಕೆ ಜಾಗವೂ ಇರುವುದಿಲ್ಲ.

ಕೌಂಟರಿನಲ್ಲಿ ಬಾಯಿಮಾತಿಗೆ ನಿಲ್ಲಬೇಡಿ. "ಸಿಸ್ಟಮ್ಮೇ ಕಟ್ ಮಾಡೋದು, ನಮ್ಮ ಕೈಲಿಲ್ಲ" ಅನ್ನುವ ಉತ್ತರ ಬರುತ್ತದೆ. ಪಾಪ, ಅವರು ಹೇಳುವುದು ನಿಜವೂ ಹೌದು. ಆದರೆ ಕಟ್ ಮಾಡಿದ್ದನ್ನು ತಿರುಗಿ ಹಾಕಲು ಮೇಲಿನವರಿಗೆ ಬರೆಯುವುದು ಶಾಖೆಯಿಂದ ಆಗುತ್ತದೆ. ಅದಕ್ಕೆ ಕಾಗದ ಬೇಕು. ನಾವು ಬರೆದದ್ದು ಹೆಚ್ಚುಕಡಿಮೆ ಹೀಗೆ:

"ನನ್ನ ಉಳಿತಾಯ ಖಾತೆಯಿಂದ ಮೇ 5ರಂದು ರೂ. 481.44, ಜೂನ್ 5ರಂದು ರೂ. 511.13, ಜುಲೈ 5ರಂದು ರೂ. 546.89 ಕಡಿತವಾಗಿದೆ. ಆರ್‌ಬಿಐನ 20-11-2014ರ ಸುತ್ತೋಲೆಯಂತೆ ದಂಡಕ್ಕೆ ಮುಂಚೆ ಒಂದು ತಿಂಗಳ ಸೂಚನೆ ಕೊಡಬೇಕು. ನನಗೆ ಅಂಥ ಸೂಚನೆ ಬಂದಿಲ್ಲ. ಮೇ 5ರ ಎಸ್ಸೆಮ್ಮೆಸ್ ಕಡಿತವಾದ ಮೇಲೆ ಬಂದದ್ದು. ಸೂಚನೆ ಕಳಿಸಿದ್ದರೆ ಅದರ ದಿನಾಂಕ, ಕಳಿಸಿದ ನಂಬರ್ ಮತ್ತು ಪ್ರತಿಯನ್ನು ಕೊಡಿ. ಇಲ್ಲದಿದ್ದರೆ ಜಿಎಸ್‌ಟಿ ಸೇರಿ ರೂ. 1,539.46 ಅನ್ನು ನನ್ನ ಖಾತೆಗೆ ವಾಪಸ್ ಜಮಾ ಮಾಡಿ. ಇದನ್ನು ದೂರು ಎಂದು ದಾಖಲಿಸಿ ದೂರಿನ ಸಂಖ್ಯೆ ಕೊಡಿ."

ಇದರಲ್ಲಿ ಎರಡು ಮಾತು ಬಿಡಬೇಡಿ. ಸೂಚನೆಯ ಪ್ರತಿ ಕೇಳುವುದು ಒಂದು. ಕಳಿಸಿದ್ದೇವೆ ಅಂತ ತೋರಿಸುವ ಹೊಣೆ ಆಗ ಅವರ ಮೇಲೆ ಬೀಳುತ್ತದೆ. ಇನ್ನೊಂದು, ಇದು ದೂರು ಅಂತ ಬರೆಯುವುದು. ಬರೀ ವಿನಂತಿ ಅಂತ ದಾಖಲಾದರೆ ಮುಂದೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಹತ್ತಿರ ಹೋಗುವಾಗ ತೊಂದರೆ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಶಾಖೆಯ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡು ಬನ್ನಿ. ಹಾಕಲ್ಲ ಅಂದರೆ ಅದೇ ಒಕ್ಕಣೆಯನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಇ-ಮೇಲ್ ಮಾಡಿ.

ಉತ್ತರ ತೃಪ್ತಿಕರವಾಗಿ ಇಲ್ಲದಿದ್ದರೆ ದೂರುಗಳನ್ನು ನೋಡಿಕೊಳ್ಳುವ ಬ್ಯಾಂಕಿನ ನೋಡಲ್ ಅಧಿಕಾರಿಗೆ ಬರೆಯಬಹುದು, ಅವರ ವಿಳಾಸ ವೆಬ್‌ಸೈಟಿನಲ್ಲಿರುತ್ತದೆ. ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಅಷ್ಟರೊಳಗೇ ಆಗಲ್ಲ ಅಂದರೆ, `cms.rbi.org.in` ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಡ. ಬ್ಯಾಂಕಿಗೆ ಕೊಟ್ಟ ದೂರು, ಅದರ ಸಂಖ್ಯೆ, ಬಂದಿದ್ದರೆ ಉತ್ತರ, ಸ್ಟೇಟ್‌ಮೆಂಟಿನ ಪುಟ, ಆ ಎಸ್ಸೆಮ್ಮೆಸ್‌ನ ಸ್ಕ್ರೀನ್‌ಶಾಟ್ ಇಷ್ಟನ್ನು ಜೊತೆಗೆ ಇಡಿ. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಇಲ್ಲಿಗೆ ಹೋದರೆ ತಳ್ಳಿಹಾಕುತ್ತಾರೆ. ಗೊಂದಲವಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. 30 ದಿನ ಮುಗಿದ ಮೇಲೆ ಸುಮ್ನೆ ತಡ ಮಾಡಬೇಡಿ, ಇದಕ್ಕೂ ಗಡುವು ಇದೆ.

ನಮಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಹದಿನೇಳನೇ ದಿನ ದುಡ್ಡು ಬಂತು. ಆದರೆ ಬಂದದ್ದು 1,304 ರೂಪಾಯಿ 63 ಪೈಸೆ. ತಂಗಿ ಖುಷಿಯಾಗಿ "ಬಂತು ಅಕ್ಕಾ" ಅಂದಳು. ಕೂಡಿಸಿ ನೋಡಿದರೆ 408, 433.16, 463.47. ಅಂದರೆ ಬರೀ ದಂಡ. ಅದರ ಮೇಲೆ ಹಿಡಿದಿದ್ದ ಜಿಎಸ್‌ಟಿ 234.83 ಬಂದೇ ಇರಲಿಲ್ಲ. ದಂಡವೇ ವಾಪಸ್ ಆದ ಮೇಲೆ ಅದರ ತೆರಿಗೆ ಹೇಗೆ ಉಳಿಯುತ್ತದೆ, ಅಲ್ವಾ? ಅದೇ ದೂರಿನ ಸಂಖ್ಯೆ ಹಾಕಿ ಎರಡು ಸಾಲಿನ ಇ-ಮೇಲ್ ಮಾಡಿದೆವು. ನಾಲ್ಕು ದಿನದಲ್ಲಿ ಅದೂ ಬಂತು.