ಕಿರುಬೆರಳಿನ ಮೇಲೆ ಎರಡು ಗುರುತು: ಶುಗರ್ ಕಾಲಿಗೆ ಸಾಕ್ಸ್, ಶೂ ಆರಿಸಿದ ನನ್ನ ಅನುಭವ

ಶೂ ಹಾಕಿ ನೋಡಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಆರಾಮಾಗಿದೆಯಾ?" ನನ್ನಂಥವರಿಗೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಶುಗರ್ ಬಹಳ ವರ್ಷದಿಂದ ಇದ್ದು ಪಾದದ ನರ ಸೋತಿದ್ದರೆ ಬಿಗಿ ಶೂ ಕೂಡ ಆರಾಮಾಗಿಯೇ ಇರುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಸರಿಯಾದ ಅಳತೆಯ ಶೂ ಕಾಲಿನಲ್ಲಿ ಇದ್ದಂತೆಯೇ ಅನಿಸದ ಕಾರಣ, ಒತ್ತಿ ಹಿಡಿಯುವ ಚಿಕ್ಕ ಸೈಜೇ ಸರಿ ಅಂತ ಎಷ್ಟೋ ಜನ ಆರಿಸಿಕೊಳ್ಳುತ್ತಾರೆ. ಹಾಗಾಗಿ ನಾನು ಕಾಲನ್ನು ಕೇಳುವುದನ್ನು ಬಿಟ್ಟು ಕಣ್ಣು, ಕೈ, ಕಾಗದ ಈ ಮೂರನ್ನೇ ನಂಬುತ್ತೇನೆ.

ಸ್ಪರ್ಶ ಎಷ್ಟು ಉಳಿದಿದೆ ಅಂತ ಡಾಕ್ಟರು ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ನೋಡುತ್ತಾರೆ. ಆ ಎಳೆ ಬಾಗಿದಾಗ ಸುಮಾರು 10 ಗ್ರಾಂ ಒತ್ತಡ ಬಿದ್ದಿರುತ್ತದೆ. ಅದು ಗೊತ್ತಾಗದಿದ್ದರೆ ಕಾಲಿನ ಕಾವಲು ಹೋಗಿದೆ ಅಂತಲೇ ಲೆಕ್ಕ. ಮನೆಯಲ್ಲಿ ಮಾಡಿಕೊಳ್ಳುವ ಸರಳ ಪರೀಕ್ಷೆಯೂ ಉಂಟು. ನಾನು ಕಣ್ಣು ಮುಚ್ಚಿಕೊಂಡು ಮಲಗುತ್ತೇನೆ. ನನ್ನ ಹೆಂಡತಿ ಎರಡೂ ಕಾಲಿನ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳಿನ ತುದಿಯನ್ನು ತನ್ನ ಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟುತ್ತಾಳೆ. ಒತ್ತಬಾರದು, ಉಜ್ಜಬಾರದು, ಸುಮ್ನೆ ಮುಟ್ಟಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿರುವ ಸಾಧ್ಯತೆ ಇದೆ, ಡಾಕ್ಟರಿಗೆ ತೋರಿಸಬೇಕು. ನನಗೆ ಎರಡೂ ಕಿರುಬೆರಳು ಗೊತ್ತಾಗಲೇ ಇಲ್ಲ. ಬಲಗಾಲಿನ ಮಧ್ಯದ ಬೆರಳು ಮುಟ್ಟಿದ್ದೂ ತಿಳಿಯಲಿಲ್ಲ.

ಅದಾದ ಮೇಲೆ ಸಂಜೆ ಸಾಕ್ಸ್ ಬಿಚ್ಚಿದ ಕೂಡಲೇ ಪಾದ ನೋಡುವುದು ರೂಢಿಯಾಯಿತು. ಹೀಗೆ ನೋಡುವಾಗ ಬಲಗಾಲಿನ ಕಿರುಬೆರಳಿನಲ್ಲಿ ಎರಡು ಗುರುತು ಕಂಡವು. ಉಗುರಿನ ಹಿಂದೆ ಅಡ್ಡಕ್ಕೆ ಎಳೆದಂಥ ಸಣ್ಣ ಗೆರೆ ಒಂದು. ಬೆರಳಿನ ಹೊರಮಗ್ಗುಲಿನಲ್ಲಿ ಕಡಲೆಕಾಳಿನಷ್ಟು ಅಗಲದ ಕೆಂಪು ಇನ್ನೊಂದು. ನೋವಂತೂ ಇರಲಿಲ್ಲ. ಶೂ ಬಿಚ್ಚಿದ ತಕ್ಷಣ ಒಂದಿಷ್ಟು ಗುರುತು ಯಾರಿಗಾದರೂ ಇರುತ್ತದೆ. ನೋಡಬೇಕಾದ್ದು ಅದು ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದನ್ನು. 20-30 ನಿಮಿಷದಲ್ಲಿ ಮಾಸಿಹೋದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಅರ್ಧ ಗಂಟೆ ಕಳೆದರೂ ಹಾಗೇ ಇದ್ದರೆ ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿದೆ ಅಂತ ಅರ್ಥ. ಈ ಎರಡೂ ಗುರುತು ಮಾಸಲಿಲ್ಲ. ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣಿಸದೇ ಹೋಗಬಹುದು. ಆಗ ಇನ್ನೊಂದು ಕಾಲಿನ ಅದೇ ಜಾಗದ ಪಕ್ಕದಲ್ಲಿಟ್ಟು ನೋಡಬೇಕು: ಬಣ್ಣ ಹೆಚ್ಚು ಗಾಢವಾಗಿದೆಯಾ, ಮುಟ್ಟಿದರೆ ಬಿಸಿ ಇದೆಯಾ, ಚರ್ಮ ಗಟ್ಟಿಯಾಗಿದೆಯಾ.

ಗುರುತು ಇರುವ ಜಾಗವೇ ಕಾರಣವನ್ನು ಹೇಳುತ್ತದೆ. ಬೆರಳುಗಳ ಮೇಲೆ ಅಡ್ಡಗೆರೆ ಬಿದ್ದರೆ ಸಾಕ್ಸಿನ ಹೊಲಿಗೆ. ಹೊರಮಗ್ಗುಲಿನಲ್ಲಿದ್ದರೆ ಶೂ ಅಗಲ ಸಾಲದು. ಬೆರಳ ತುದಿಯಲ್ಲೋ ಉಗುರಿನ ಕೆಳಗೋ ಇದ್ದರೆ ಉದ್ದ ಸಾಲದು. ಹಿಮ್ಮಡಿಯ ಹಿಂದೆ ಇದ್ದರೆ ಶೂ ಸಡಿಲವಾಗಿ ಜಾರುತ್ತಿದೆ. ನನ್ನದರಲ್ಲಿ ಎರಡು ಕಾರಣ ಕೂಡಿಕೊಂಡಂತೆ ಕಂಡಿತು. ಅದಕ್ಕೇ ಎರಡನ್ನೂ ಒಟ್ಟಿಗೆ ಬದಲಾಯಿಸಲಿಲ್ಲ. ಗಾಯವಾಗಲಿ ಗುಳ್ಳೆಯಾಗಲಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಹೊರಗೆ ಸ್ವಲ್ಪ ಹೊತ್ತು ಮಾತ್ರ ಓಡಾಡುತ್ತಾ, ಮೊದಲು ಸಾಕ್ಸ್ ಮಾತ್ರ ಬದಲಾಯಿಸಿದೆ.

ಮಾಮೂಲಿ ಸಾಕ್ಸನ್ನು ತಿರುವಿ ಹಾಕಿ ನೋಡಿ. ಬೆರಳಿನ ಕಡೆ ಬಾಯಿ ಮುಚ್ಚಿದ ಜಾಗದಲ್ಲಿ ದಾರದ ಏಣು ಎದ್ದಿರುತ್ತದೆ. ಎರಡು ಕೊನೆಯಲ್ಲಿ ಗಂಟಿನಂಥ ಉಬ್ಬು ಇರುತ್ತದೆ, ಅದರಲ್ಲಿ ಒಂದು ನೆಟ್ಟಗೆ ಕಿರುಬೆರಳಿನ ಮೇಲೆ ಕೂರುತ್ತದೆ. ಒಳ್ಳೆಯ ಸಾಕ್ಸಿನಲ್ಲಿ ಎರಡು ಅಂಚಿನ ಹೆಣಿಗೆಯನ್ನು ಕುಣಿಕೆಗೆ ಕುಣಿಕೆ ಕೂಡಿಸಿ ಚಪ್ಪಟೆಯಾಗಿ ಮುಚ್ಚಿರುತ್ತಾರೆ. ಕಣ್ಣಿಗೆ ಗೆರೆ ಕಾಣಬಹುದು, ಕೈಗೆ ಸಿಗುವುದಿಲ್ಲ. ಪ್ಯಾಕೆಟ್ಟಿನ ಮೇಲೆ "ಸೀಮ್‌ಲೆಸ್" ಅಂತ ಬರೆದಿದ್ದರೆ ಸಾಲದು. ಕೆಲವದರಲ್ಲಿ ಏಣು ಸಣ್ಣದಾಗಿರುತ್ತದೆ ಅಷ್ಟೇ. ನಾನು ಸಾಕ್ಸಿನೊಳಗೆ ಕೈ ಹಾಕಿ ಹೆಬ್ಬೆರಳಿನಿಂದ ಆ ಗೆರೆಯ ಉದ್ದಕ್ಕೂ ಸವರುತ್ತೇನೆ. ಕೈಬೆರಳಿನಲ್ಲೂ ಜೋಮು ಇರುವವರು ಸಾಕ್ಸ್ ತಿರುವಿ, ಹೊಲಿಗೆಯನ್ನು ಮಣಿಕಟ್ಟಿನ ಒಳಭಾಗಕ್ಕೆ ಉಜ್ಜಿ ನೋಡಬಹುದು. ಒಳ್ಳೆಯದು ಸಿಗುವ ತನಕ ಇರುವ ಸಾಕ್ಸನ್ನೇ ತಿರುವಿ, ಏಣು ಹೊರಗೆ ಬರುವಂತೆ ಹಾಕಿಕೊಂಡರೂ ಆದೀತು. ಆದರೆ ಬಿಗಿ ಶೂ ಒಳಗೆ ಆ ಏಣು ಹೊರಗಿನಿಂದಲೂ ಒತ್ತುತ್ತದೆ.

ಹೊಲಿಗೆಗಿಂತ ಕೆಟ್ಟದ್ದು ಮಡಿಕೆ. ಎಲ್ಲ ಕಾಲಿಗೂ ಒಂದೇ ಸೈಜ್ ಅನ್ನುವ ಸಾಕ್ಸ್ ಸಣ್ಣ ಪಾದಕ್ಕೆ ಹಾಕಿದರೆ ಹಿಮ್ಮಡಿಯ ಚೀಲ ಮೇಲಕ್ಕೆ ಹೋಗುತ್ತದೆ, ಉಳಿದ ಬಟ್ಟೆ ಬೆರಳ ಕೆಳಗೆ ಸುಕ್ಕಾಗುತ್ತದೆ. ಹಿಮ್ಮಡಿಯ ಚೀಲ ಹಿಮ್ಮಡಿಯಲ್ಲೇ ಕೂತರೆ ಸೈಜ್ ಸರಿ. ತೂತಾದದ್ದನ್ನು ಹೊಲಿದು ಹಾಕಿಕೊಳ್ಳುವುದಿಲ್ಲ, ಅದೂ ಹೊಸ ಏಣೇ ಅಲ್ವಾ. ಮೇಲಿನ ಪಟ್ಟಿ ಕಾಲಿನಲ್ಲಿ ಆಳವಾದ ಗುಣಿ ಬೀಳಿಸಿದರೆ ಅದೂ ಬೇಡ. ಊತಕ್ಕೆ ಅಂತ ಬಿಗಿಯಾದ ಕಂಪ್ರೆಷನ್ ಸಾಕ್ಸನ್ನು ನಾವೇ ಕೊಂಡು ಹಾಕಿಕೊಳ್ಳಬಾರದು. ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅಂತ ಡಾಕ್ಟರು ನೋಡಿದ ಮೇಲೆಯೇ ಅದು. ಬಣ್ಣ ಮಾತ್ರ ಬಿಳಿ ಅಥವಾ ತಿಳಿ. ರಕ್ತವೋ ಕೀವೋ ತಾಗಿದರೆ ಕಾಣಬೇಕು. ಕಪ್ಪು ಸಾಕ್ಸ್ ಎಲ್ಲವನ್ನೂ ಬಚ್ಚಿಡುತ್ತದೆ.

ಚಪ್ಪಟೆ ಹೊಲಿಗೆಯ ಸಾಕ್ಸ್ ಬಂದ ಮೇಲೆ ಬೆರಳಿನ ಮೇಲಿನ ಅಡ್ಡಗೆರೆ ಹೋಯಿತು. ಹೊರಮಗ್ಗುಲಿನ ಕೆಂಪು ಹಾಗೇ ಉಳಿಯಿತು. ಅಂದರೆ ಆ ಕೆಂಪಿಗೆ ಶೂ ಕಾರಣ.

ಆಗ ಕಾಗದ ತಂದೆ. ಸಂಜೆ ಪಾದ ಸ್ವಲ್ಪ ಊದಿರುತ್ತದೆ, ಅಳತೆಗೆ ಅದೇ ಸರಿಯಾದ ಹೊತ್ತು. ಸಾಕ್ಸ್ ಹಾಕಿಕೊಂಡು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು ನಿಂತೆ. ಕೂತು ಅಳೆದರೆ ಪಾದ ಅಗಲವಾಗುವುದಿಲ್ಲ. ಹೆಂಡತಿ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದಳು. ಶೂವಿನ ಇನ್ಸೋಲ್ ಹೊರತೆಗೆದು ಆ ಚಿತ್ರದ ಮೇಲಿಟ್ಟೆವು. ಉದ್ದ ಸರಿಯಾಗಿತ್ತು, ಹೆಬ್ಬೆರಳಿನ ಮುಂದೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಾಗವಿತ್ತು. ಆದರೆ ಕಿರುಬೆರಳಿನ ಬುಡದ ಕಡೆ ಪೆನ್ಸಿಲ್ ಗೆರೆ ಇನ್ಸೋಲಿನ ಆಚೆ ಇಣುಕುತ್ತಿತ್ತು. "ಇಷ್ಟು ದಿನ ಈ ಬೆರಳು ಎಲ್ಲಿ ಕೂರುತ್ತಿತ್ತೋ!" ಅಂದಳು. ಇಂಥ ಕಡೆ ಒಂದು ಸೈಜ್ ದೊಡ್ಡದು ಕೊಂಡರೆ ಆಗದು. ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತದೆ, ಅಲ್ಲಿ ಹೊಸ ಗುಳ್ಳೆ ಏಳುತ್ತದೆ. ಅದೇ ಉದ್ದದಲ್ಲಿ ಅಗಲದ ಶೂ ಬೇಕು.

ನಾನು ಹಿಡಿದ ಅಳತೆ ಇಷ್ಟು. ಶೂವಿನ ಒಳ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಜಾಸ್ತಿ ಇರಬೇಕು. ಅಗಲ, ಬೆರಳುಗಳ ಬುಡದಲ್ಲಿ ಪಾದ ಎಷ್ಟಿದೆಯೋ ಅಷ್ಟಿರಬೇಕು. ಎತ್ತರವೂ ಬೇಕು, ಬೆರಳ ಗಿಣ್ಣು ಮೇಲಿನ ಬಟ್ಟೆಗೆ ತಾಗಬಾರದು. ಎರಡು ಪಾದ ಒಂದೇ ಅಳತೆ ಇರುವುದು ಅಪರೂಪ, ದೊಡ್ಡದನ್ನು ನೋಡಿ ಕೊಳ್ಳಬೇಕು. ಲೇಸ್ ಅಥವಾ ವೆಲ್ಕ್ರೋ ಇದ್ದರೆ ಊತಕ್ಕೆ ತಕ್ಕಂತೆ ಬಿಗಿ ಮಾಡಬಹುದು, ಸಡಿಲಿಸಬಹುದು. ಶೂ ಒಳಗೂ ಹೊಲಿಗೆ ಇರುತ್ತದೆ ಅನ್ನುವುದು ಮರೆತುಹೋಗುತ್ತದೆ. ಕೈ ಒಳಗೆ ಹಾಕಿ ಬೆರಳುಗಳ ಮೇಲೆ ಬರುವ ಜಾಗ, ಬದಿ, ಹಿಮ್ಮಡಿ ಮೂರನ್ನೂ ಸವರಿ ನೋಡಬೇಕು. ದಪ್ಪ ಮೆತ್ತೆಯ ಸಾಕ್ಸ್ ಹಾಕುವವರು ಅದೇ ಸಾಕ್ಸಿನಲ್ಲಿ ಶೂ ನೋಡಬೇಕು. ತೆಳು ಸಾಕ್ಸಿಗೆ ಸರಿಯಾದ ಶೂ ದಪ್ಪ ಸಾಕ್ಸಿಗೆ ಬಿಗಿಯಾಗುತ್ತದೆ. ಹೊಸ ಶೂವನ್ನು ಮೊದಲ ದಿನ ಮನೆಯೊಳಗೆ ಒಂದು ಗಂಟೆ ಹಾಕಿ, ಬಿಚ್ಚಿ, ಪಾದ ನೋಡಿದೆ. ಗುರುತಿಲ್ಲದಿದ್ದರೆ ಮರುದಿನ ಇನ್ನಷ್ಟು ಹೊತ್ತು. ಹೊರಮಗ್ಗುಲಿನ ಕೆಂಪು ಮತ್ತೆ ಬರಲಿಲ್ಲ. ಆದರೆ ಬೆರಳು ಸೊಟ್ಟಗಾಗಿದ್ದರೆ, ಪಾದದ ಆಕಾರ ಬದಲಾಗಿದ್ದರೆ ಅಥವಾ ಹಿಂದೆ ಹುಣ್ಣಾಗಿದ್ದರೆ ಅಂಗಡಿಯ ಶೂ ಸಾಕಾಗುವುದಿಲ್ಲ. ಪಾದಕ್ಕೆ ಅಚ್ಚು ತೆಗೆದು ಮಾಡಿಸಬೇಕಾಗಬಹುದು.

ಬೆವರಿನ ವಿಷಯದಲ್ಲಿ ಶುದ್ಧ ಹತ್ತಿಯೇ ಒಳ್ಳೆಯದು ಅನ್ನುವ ಮಾತಿದೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಹತ್ತಿ ಬೆವರು ಹೀರುತ್ತದೆ ನಿಜ, ಆದರೆ ಬೇಗ ಒಣಗುವುದಿಲ್ಲ. ಒದ್ದೆ ಬಟ್ಟೆ ಚರ್ಮವನ್ನು ಮೆದು ಮಾಡುತ್ತದೆ, ಮೆದುವಾದ ಚರ್ಮ ಉಜ್ಜಿದರೆ ಬೇಗ ಸುಲಿಯುತ್ತದೆ. ತೇವವನ್ನು ಹೊರಗೆ ಸಾಗಿಸುವ ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತದ್ದು, ಇಲ್ಲವೇ ತೆಳು ಮೆರಿನೋ ಉಣ್ಣೆ, ದಿನವಿಡೀ ಶೂ ಹಾಕುವವರಿಗೆ ವಾಸಿ. ಯಾವ ನೂಲಾದರೂ ಸರಿ, ಮಧ್ಯಾಹ್ನ ಒಮ್ಮೆ ಒಣಗಿದ ಜೋಡಿಗೆ ಬದಲಾಯಿಸಿದರೆ ಅರ್ಧ ತೊಂದರೆ ಕಡಿಮೆ. ಎರಡು ಜೊತೆ ಶೂವನ್ನು ದಿನ ಬಿಟ್ಟು ದಿನ ಹಾಕಿ, ಬಿಚ್ಚಿದ್ದರ ಇನ್ಸೋಲ್ ತೆಗೆದು ಒಣಗಲು ಬಿಡುತ್ತೇನೆ. ನರ ಸೋತ ಪಾದದಲ್ಲಿ ತದ್ವಿರುದ್ಧವೂ ಆಗುತ್ತದೆ. ಬೆವರು ನಿಂತು ಹಿಮ್ಮಡಿ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ರಾತ್ರಿ ಅಂಗಾಲಿಗೂ ಹಿಮ್ಮಡಿಗೂ ಕ್ರೀಮ್ ಹಚ್ಚುತ್ತೇನೆ. ಬೆರಳ ಸಂದಿಗೆ ಮಾತ್ರ ಹಚ್ಚುವುದಿಲ್ಲ. ಅಲ್ಲಿ ತೇವ ನಿಂತರೆ ಚರ್ಮ ಬೆಳ್ಳಗೆ ನೆನೆದು ಶಿಲೀಂಧ್ರ ಹತ್ತುತ್ತದೆ. ಸ್ನಾನವಾದ ಮೇಲೆ ಬಟ್ಟೆಯ ತುದಿಯನ್ನು ಪ್ರತಿ ಸಂದಿಗೂ ಹಾಕಿ ಒತ್ತಿ ಒರೆಸಬೇಕು.

ದಿನದ ತಪಾಸಣೆಗೆ ಐದು ನಿಮಿಷವೂ ಬೇಡ. ಒಳ್ಳೆ ಬೆಳಕಿನಲ್ಲಿ ಕೂತು ಮೊದಲು ಬಿಚ್ಚಿದ ಸಾಕ್ಸ್ ತಿರುವಿ ಕಲೆ ಇದೆಯಾ ನೋಡುತ್ತೇನೆ. ಆಮೇಲೆ ಪಾದದ ಮೇಲ್ಭಾಗ, ಬೆರಳ ಸಂದು, ಹಿಮ್ಮಡಿ. ಅಂಗಾಲು ನೋಡಲು ನೆಲದ ಮೇಲೆ ಕನ್ನಡಿ ಇಟ್ಟಿದ್ದೇನೆ. ಕೊನೆಗೆ ಕೈಯ ಹಿಂಭಾಗದಿಂದ ಎರಡೂ ಪಾದದ ಒಂದೇ ಜಾಗ ಮುಟ್ಟಿ ಬಿಸಿಯ ವ್ಯತ್ಯಾಸ ನೋಡುತ್ತೇನೆ. ಚರ್ಮದ ಥರ್ಮಾಮೀಟರ್ ಇರುವವರಿಗೆ ಲೆಕ್ಕ ಇನ್ನೂ ಸ್ಪಷ್ಟ. ಎರಡು ಪಾದದ ಅದೇ ಜಾಗದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಎರಡು ದಿನ ಸತತವಾಗಿ ಕಂಡರೆ ಓಡಾಟ ಕಡಿಮೆ ಮಾಡಿ ಡಾಕ್ಟರನ್ನು ಕಾಣಬೇಕು. ಬೆಳಿಗ್ಗೆ ಶೂ ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈ ಹಾಕುತ್ತೇನೆ. ಒಂದು ಹರಳು ಇಡೀ ದಿನ ಒತ್ತಿದರೂ ನನ್ನ ಕಾಲಿಗೆ ಗೊತ್ತಾಗುವುದಿಲ್ಲ.

ಗುಳ್ಳೆ ಕಂಡರೆ ಒಡೆಯುವುದಿಲ್ಲ. ಆಣಿ, ಜಡ್ಡು ಇದ್ದರೆ ಬ್ಲೇಡಿನಿಂದ ಕೆತ್ತುವುದಿಲ್ಲ, ಆಣಿ ಪಟ್ಟಿಯನ್ನೂ ಅಂಟಿಸುವುದಿಲ್ಲ. ಅದರಲ್ಲಿರುವ ಆಮ್ಲ ಒಳ್ಳೆ ಚರ್ಮವನ್ನೂ ಸುಡುತ್ತದೆ. ಚರ್ಮ ಒಡೆದಿದ್ದರೆ, ನೀರು ಸೋರುತ್ತಿದ್ದರೆ ಅಥವಾ ಬಣ್ಣ ಕಪ್ಪಾಗುತ್ತಿದ್ದರೆ ಆ ಕಾಲಿಗೆ ಶೂ ಹಾಕದೆ ಆ ದಿನವೇ, ತಪ್ಪಿದರೆ ಮರುದಿನ, ಡಾಕ್ಟರಿಗೆ ತೋರಿಸಬೇಕು. ಗಾಯ ಏನೂ ಇಲ್ಲದೆ ಒಂದು ಪಾದ ಮಾತ್ರ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಅದನ್ನು ಉಳುಕು ಅಂದುಕೊಳ್ಳಬಾರದು. ಒಳಗೆ ಮೂಳೆ ಮುರಿದು ಕುಸಿಯುತ್ತಿರಬಹುದು, ಅದಕ್ಕೆ ಶಾರ್ಕೋ ಪಾದ ಅನ್ನುತ್ತಾರೆ. ನೋವಿಲ್ಲ ಅಂತ ಆ ಕಾಲಿನ ಮೇಲೆ ನಡೆದಷ್ಟೂ ಪಾದದ ಆಕಾರ ಕೆಡುತ್ತದೆ. ಆ ಕಾಲನ್ನು ಊರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.