ಟಿನ್ ಬದಲಾದರೆ ಕೇಕಿನ ಅಳತೆ ಎಷ್ಟು ಬದಲಾಗಬೇಕು?

ರೆಸಿಪಿಯಲ್ಲಿ 8 ಇಂಚಿನ ದುಂಡನೆಯ ಟಿನ್ ಎಂದಿದೆ, ಮನೆಯಲ್ಲಿರುವುದು 6 ಇಂಚಿನ ಚೌಕದ ಟಿನ್. ಆಗ ಬಹಳ ಜನ 8ಕ್ಕೂ 6ಕ್ಕೂ ಇರುವ ವ್ಯತ್ಯಾಸ ನೋಡಿ, ಎಲ್ಲ ಸಾಮಗ್ರಿಯನ್ನೂ ಮುಕ್ಕಾಲು ಮಾಡಿಬಿಡುತ್ತಾರೆ. ಈ ಜೋಡಿಯಲ್ಲಿ ಆ ಊಹೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಆದರೆ ಅದು ಕಾಕತಾಳೀಯ. ಎರಡೂ ಟಿನ್ ದುಂಡಗಿದ್ದಿದ್ದರೆ ಬೇಕಾಗುತ್ತಿದ್ದುದು ಮುಕ್ಕಾಲಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಟಿನ್ನಿನ ಅಗಲಕ್ಕೂ ಅದು ಹಿಡಿಸುವ ಹಿಟ್ಟಿಗೂ ನೇರ ಸಂಬಂಧವಿಲ್ಲ. ಹೋಲಿಸಬೇಕಾದದ್ದು ಘನಫಲವನ್ನು, ಅಂದರೆ ಟಿನ್ನಿನೊಳಗೆ ಎಷ್ಟು ಜಾಗವಿದೆ ಎಂಬುದನ್ನು.

ಲೆಕ್ಕ ಶಾಲೆಯಲ್ಲಿ ಕಲಿತದ್ದೇ. ದುಂಡನೆಯ ಟಿನ್ನಿಗೆ ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ, ಬಂದದ್ದನ್ನು 3.14ರಿಂದ, ಆಮೇಲೆ ಎತ್ತರದಿಂದ ಗುಣಿಸಬೇಕು. ಚೌಕದ ಟಿನ್ನಿಗೆ ಬದಿ, ಬದಿ, ಎತ್ತರ ಈ ಮೂರರ ಗುಣಲಬ್ಧ ಸಾಕು. ಸೆಂಟಿಮೀಟರಿನಲ್ಲಿ ಅಳೆದರೆ ಉತ್ತರ ನೇರವಾಗಿ ಮಿಲಿಲೀಟರಿನಲ್ಲಿ ಸಿಗುತ್ತದೆ. ಅಳೆಯುವಾಗ ಸ್ಕೇಲನ್ನು ಒಳಗೋಡೆಯಿಂದ ಒಳಗೋಡೆಗೆ ಇಡಿ. ಮಡಿಚಿದ ಅಂಚನ್ನೂ ಸೇರಿಸಿ ಅಳೆದರೆ ಒಂದು ಸೆಂಟಿಮೀಟರ್ ಸುಲಭವಾಗಿ ಹೆಚ್ಚು ಬರುತ್ತದೆ. 15 ಸೆಂ.ಮೀ. ಚೌಕವನ್ನು 16 ಎಂದು ಬರೆದುಕೊಂಡರೆ ಘನಫಲ ನೂರಕ್ಕೆ 14ರಷ್ಟು ತಪ್ಪುತ್ತದೆ.

ಈಗ ನಮ್ಮ ಎರಡು ಟಿನ್‌ಗಳನ್ನು ನೋಡೋಣ. 8 ಇಂಚು ಎಂದರೆ ಸುಮಾರು 20 ಸೆಂ.ಮೀ., 6 ಇಂಚು ಎಂದರೆ ಸುಮಾರು 15. ಎರಡರ ಎತ್ತರವೂ 5 ಸೆಂ.ಮೀ. ಎಂದಿಟ್ಟುಕೊಳ್ಳಿ.

ದುಂಡನೆಯದು: 3.14 × 10 × 10 × 5 = 1570 ಮಿ.ಲೀ.
ಚೌಕದ್ದು: 15 × 15 × 5 = 1125 ಮಿ.ಲೀ.

ಹೊಸ ಟಿನ್ನಿನ ಘನಫಲವನ್ನು ಹಳೆಯದರಿಂದ ಭಾಗಿಸಿ: 1125 ÷ 1570 = 0.72. ರೆಸಿಪಿಯ ಪ್ರತಿ ಸಾಮಗ್ರಿಯನ್ನೂ ಇದರಿಂದ ಗುಣಿಸಬೇಕು. ಭಾಗಾಕಾರ ತಿರುವುಮುರುವಾಗುವುದು ಸಾಮಾನ್ಯ ತಪ್ಪು. ಚಿಕ್ಕ ಟಿನ್ನಿಗೆ ಹೋಗುವಾಗ ಉತ್ತರ 1ಕ್ಕಿಂತ ಹೆಚ್ಚು ಬಂದರೆ ಮೇಲೆ ಕೆಳಗೆ ಅದಲುಬದಲಾಗಿದೆ ಎಂದೇ ಅರ್ಥ.

ರೆಸಿಪಿಯಲ್ಲಿ ಮೈದಾ, ಬೆಣ್ಣೆ, ಸಕ್ಕರೆ ತಲಾ 180 ಗ್ರಾಂ, ಮೊಟ್ಟೆ 3, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಹಾಲು 30 ಮಿ.ಲೀ. ಇದೆ ಎನ್ನೋಣ. 0.72ರಿಂದ ಗುಣಿಸಿದರೆ ಮೈದಾ, ಬೆಣ್ಣೆ, ಸಕ್ಕರೆ ತಲಾ 130 ಗ್ರಾಂ ಆಗುತ್ತವೆ. ಮೊಟ್ಟೆ ಮಾತ್ರ 2.16 ಎಂದು ಬರುತ್ತದೆ, ತೊಡಕು ಶುರುವಾಗುವುದೇ ಇಲ್ಲಿ. ಮೂರನೆಯ ಮೊಟ್ಟೆಯನ್ನು ಒಡೆದು, ಬಿಳಿ ಹಳದಿ ಒಂದಾಗುವಂತೆ ಕಲಕಿ, ಬೇಕಾದ ಎಂಟು ಗ್ರಾಂ ತೂಗಿ ಹಾಕಬಹುದು. ಸಿಪ್ಪೆ ತೆಗೆದ ಒಂದು ಮೊಟ್ಟೆ ಸುಮಾರು 50 ಗ್ರಾಂ ತೂಗುತ್ತದೆ ಎಂಬ ಅಂದಾಜಿನ ಮೇಲೆ ಈ ಲೆಕ್ಕ.

ಆದರೆ ಇದಕ್ಕಿಂತ ಒಳ್ಳೆಯ ದಾರಿಯಿದೆ: ಮೊಟ್ಟೆಯನ್ನೇ ಮೊದಲು ನಿಗದಿ ಮಾಡಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದು. 3 ಮೊಟ್ಟೆಯ ಬದಲು 2 ಎಂದರೆ ಮೂರರಲ್ಲಿ ಎರಡು ಪಾಲು, ಅಂದರೆ 0.67. ನಮಗೆ ಬೇಕಾದ 0.72ಕ್ಕೆ ಅದು ಹತ್ತಿರವೇ ಇದೆ. ಆಗ ಮೈದಾ, ಬೆಣ್ಣೆ, ಸಕ್ಕರೆ ತಲಾ 120 ಗ್ರಾಂ, ಬೇಕಿಂಗ್ ಪೌಡರ್ ತಲೆ ಸವರಿದ ಒಂದು ಟೀ ಚಮಚ, ಹಾಲು 20 ಮಿ.ಲೀ. ಮೂಲ ಟಿನ್ನಿನಲ್ಲಿ ಹಿಟ್ಟು 2.5 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತಿದ್ದರೆ ಇಲ್ಲಿ ಸುಮಾರು 2.3ಕ್ಕೆ ನಿಲ್ಲುತ್ತದೆ. ಎರಡು ಮಿಲಿಮೀಟರ್ ತೆಳುವಾದದ್ದು ತಟ್ಟೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಉಳಿದದ್ದನ್ನು 0.72ಕ್ಕೆ ಇಳಿಸಿ, ಮೊಟ್ಟೆಯನ್ನು ಮಾತ್ರ ಅಂದಾಜಿನಲ್ಲಿ ಮೂರು ಹಾಕಿದರೆ ತಿಳಿಯುತ್ತದೆ: ಕೇಕ್ ರಬ್ಬರಿನಂತೆ ಬಿಗಿಯಾಗಿ, ಮೊಟ್ಟೆಯ ವಾಸನೆ ಹೊಡೆಯುತ್ತದೆ. ಒಟ್ಟು ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೆ ಕೇಕ್ ಸಹಿಸಿಕೊಳ್ಳುತ್ತದೆ, ಸಾಮಗ್ರಿಗಳ ನಡುವಿನ ಹೊಂದಾಣಿಕೆ ತಪ್ಪಿದರೆ ಸಹಿಸಿಕೊಳ್ಳುವುದಿಲ್ಲ.

ಒಂದು ಅನುಕೂಲವನ್ನು ನೆನಪಿಟ್ಟುಕೊಂಡರೆ ಎಷ್ಟೋ ಸಲ ಲೆಕ್ಕವೇ ಬೇಕಾಗುವುದಿಲ್ಲ. ಎತ್ತರ ಒಂದೇ ಇದ್ದರೆ, 8 ಇಂಚಿನ ದುಂಡು ಟಿನ್ನಿಗೆ 7 ಇಂಚಿನ ಚೌಕ, 9 ಇಂಚಿನ ದುಂಡಿಗೆ 8 ಇಂಚಿನ ಚೌಕ ಹೆಚ್ಚುಕಡಿಮೆ ಸಮ. ಅಳತೆ ಬದಲಿಸದೆ ಹಾಗೆಯೇ ಸುರಿಯಬಹುದು. ಅದೇ 8 ಇಂಚಿನ ದುಂಡಿನಿಂದ 8 ಇಂಚಿನ ಚೌಕಕ್ಕೆ ಹೋದರೆ ನಾಲ್ಕು ಮೂಲೆಗಳಿಗಾಗಿ ಹಿಟ್ಟು 1.27 ಪಟ್ಟು ಬೇಕು. ಬದಲಿಸದೆ ಹಾಕಿದರೆ ಕೇಕ್ ತೆಳ್ಳಗಾಗಿ, ರೆಸಿಪಿ ಹೇಳಿದ ಸಮಯಕ್ಕೆ ಆಗಲೇ ಒಣಗಿರುತ್ತದೆ.

ಘನಫಲದ ಲೆಕ್ಕ ಮೋಸ ಮಾಡುವುದು ಎತ್ತರದ ವಿಷಯದಲ್ಲಿ. ನಿಮ್ಮ 15 ಸೆಂ.ಮೀ. ಚೌಕದ ಟಿನ್ 5ರ ಬದಲು 7.5 ಸೆಂ.ಮೀ. ಎತ್ತರವಿದೆ ಎನ್ನಿ. ಆಗ ಘನಫಲ 1687 ಮಿ.ಲೀ., ಮೂಲ ಟಿನ್ನಿಗಿಂತಲೂ ಹೆಚ್ಚು. ಇಡೀ ರೆಸಿಪಿ ಹಿಡಿಸುತ್ತದೆ ಎಂದು ಲೆಕ್ಕ ಹೇಳುತ್ತದೆ, ಅದು ನಿಜವೂ ಹೌದು, ಉಕ್ಕಿ ಚೆಲ್ಲುವುದಿಲ್ಲ. ಆದರೆ 2.5 ಸೆಂ.ಮೀ. ನಿಲ್ಲಬೇಕಿದ್ದ ಹಿಟ್ಟು ಈಗ 3.5 ಸೆಂ.ಮೀ. ನಿಂತಿದೆ. ಬಿಸಿ ನಡುವಿಗೆ ತಲುಪುವಷ್ಟರಲ್ಲಿ ಅಂಚು ಗಟ್ಟಿಯಾಗಿರುತ್ತದೆ, ಮೇಲ್ಭಾಗ ಗುಮ್ಮಟದಂತೆ ಎದ್ದು ಬಿರುಕು ಬಿಡುತ್ತದೆ. ಬಣ್ಣ ಬಂತೆಂದು ಆಗಲೇ ಹೊರಗೆ ತೆಗೆದರೆ ನಡು ಕುಸಿಯುತ್ತದೆ, ಕತ್ತರಿಸಿದಾಗ ಒಳಗೆ ಒದ್ದೆಯಾದ ಗಟ್ಟಿ ಪಟ್ಟಿ ಕಾಣುತ್ತದೆ.

ಹಾಗಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಟಿನ್ನಿನ ಗೋಡೆಯ ಎತ್ತರವನ್ನಲ್ಲ, ಹಿಟ್ಟು ನಿಲ್ಲುವ ಎತ್ತರವನ್ನು. ಎರಡೂ ಕಡೆ ಅದನ್ನು ಒಂದೇ ಇಟ್ಟುಕೊಂಡರೆ 7.5 ಸೆಂ.ಮೀ. ಟಿನ್ನಿಗೂ ಉತ್ತರ ಮತ್ತೆ 0.72 ಆಗುತ್ತದೆ. ಎತ್ತರದ ಕೇಕೇ ಬೇಕೆಂದಾದರೆ ಇಡೀ ಹಿಟ್ಟು ಹಾಕಿ, ಆದರೆ 180 ಡಿಗ್ರಿಯಿದ್ದ ಓವನ್ನನ್ನು 165ಕ್ಕೆ ಇಳಿಸಿ ಹೆಚ್ಚು ಹೊತ್ತು ಬೇಯಿಸಿ. ಏನೇ ಆದರೂ ಟಿನ್ನಿನ ಮೂರರಲ್ಲಿ ಎರಡು ಭಾಗಕ್ಕಿಂತ ಮೇಲೆ ಹಿಟ್ಟು ತುಂಬಬಾರದು.

ಬೇಯುವ ಸಮಯವನ್ನು 0.72ರಿಂದ ಗುಣಿಸಲು ಹೋಗಬೇಡಿ. ಸಮಯವನ್ನು ಹೆಚ್ಚಾಗಿ ತೀರ್ಮಾನಿಸುವುದು ಹಿಟ್ಟಿನ ದಪ್ಪ, ಒಟ್ಟು ತೂಕವಲ್ಲ. ದಪ್ಪ ಒಂದೇ ಇದ್ದರೆ ಸಮಯವೂ ಮೂಲದ ಆಸುಪಾಸಿನಲ್ಲೇ ಇರುತ್ತದೆ, ಚಿಕ್ಕ ಟಿನ್ನಿನಲ್ಲಿ ಸ್ವಲ್ಪ ಬೇಗ ಆಗಬಹುದು. 35 ನಿಮಿಷದ ರೆಸಿಪಿಗೆ 27ನೇ ನಿಮಿಷದಿಂದಲೇ ನೋಡಲು ಶುರುಮಾಡಿ. ಚೌಕದ ಟಿನ್ನಿನ ಮೂಲೆಗಳಿಗೆ ಎರಡು ಕಡೆಯಿಂದ ಬಿಸಿ ತಾಗುವುದರಿಂದ ಅವು ಮೊದಲು ಕೆಂಪಾಗುತ್ತವೆ. ಅದನ್ನು ನೋಡಿ ತೀರ್ಮಾನಕ್ಕೆ ಬರದೆ, ಟೂತ್‌ಪಿಕ್ಕನ್ನು ನಟ್ಟನಡುವೆಯೇ ಚುಚ್ಚಬೇಕು.

ಇಳಿಜಾರು ಗೋಡೆಯ ಟಿನ್, ನಡುವೆ ಕೊಳವೆಯಿರುವ ಟಿನ್ ಇಂಥವಕ್ಕೆ ಸೂತ್ರ ಕೂರುವುದಿಲ್ಲ. ಅಲ್ಲಿ ನೀರೇ ಅಳತೆಗೋಲು. ಖಾಲಿ ಟಿನ್ನನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಹಿಟ್ಟು ನಿಲ್ಲಬೇಕಾದ ಎತ್ತರದವರೆಗೆ ನೀರು ಸುರಿಯಿರಿ. ಎಷ್ಟು ಗ್ರಾಂ ತೂಗಿತೋ ಅಷ್ಟು ಮಿಲಿಲೀಟರ್. ಎರಡೂ ಟಿನ್‌ಗಳನ್ನು ಹೀಗೆ ತೂಗಿ ಮೊದಲಿನಂತೆಯೇ ಭಾಗಿಸಿ. ತಳ ಕಳಚುವ ಟಿನ್ ಸೋರುತ್ತದೆ, ಅದರೊಳಗೆ ತೆಳುವಾದ ಪ್ಲಾಸ್ಟಿಕ್ ಚೀಲವನ್ನು ಗೋಡೆಗೆ ಒತ್ತಿ ಹಾಸಿಕೊಂಡು ನೀರು ಹಾಕಿ. ಹಿಟ್ಟು ಕಲಸುವ ಮುನ್ನ ಟಿನ್ನನ್ನು ಚೆನ್ನಾಗಿ ಒರೆಸಿ ಒಣಗಿಸಿ, ಒಂದು ಹನಿ ಉಳಿದರೂ ಅಲ್ಲಿ ಬೆಣ್ಣೆ ಹಿಡಿಯದೆ ಕೇಕ್ ತಳಕ್ಕೆ ಅಂಟಿಕೊಳ್ಳುತ್ತದೆ.